ಯಾವುದನ್ನೂ ಒಪ್ಪದ ಯಂತ್ರ

ಒಂದು ಪ್ರೋಗ್ರಾಂಗೆ ಯಾವುದೋ ಅಕ್ಷರಸಾಲನ್ನು ಕೊಟ್ಟಿದ್ದೀರಿ ಎಂದಿಟ್ಟುಕೊಳ್ಳಿ. ಅದು ‘ಒಪ್ಪಿದೆ’ ಎಂದು ನಿಲ್ಲಬಹುದು, ‘ಒಪ್ಪುವುದಿಲ್ಲ’ ಎಂದು ನಿಲ್ಲಬಹುದು, ಇಲ್ಲವೇ ನಿಲ್ಲದೆ ಓಡುತ್ತಲೇ ಇರಬಹುದು. ಈಗ ಪ್ರಶ್ನೆ ಇಷ್ಟೇ: ಈ ಪ್ರೋಗ್ರಾಂ ಒಪ್ಪುವ ಅಕ್ಷರಸಾಲು ಒಂದಾದರೂ ಇದೆಯೇ, ಅಥವಾ ಅದು ಏನನ್ನೂ ಒಪ್ಪದ ‘ಖಾಲಿ’ ಯಂತ್ರವೇ?

ಒಂದೊಂದನ್ನೇ ಕೊಟ್ಟು ನೋಡಿದರೆ ಸಾಲದು. ಖಾಲಿ ಯಂತ್ರದ ಎದುರು ಕೂತವರ ಪರೀಕ್ಷೆ ಎಂದೂ ಮುಗಿಯುವುದಿಲ್ಲ. ಆದರೆ ಪರೀಕ್ಷೆ ಮುಗಿಯುವುದಿಲ್ಲ ಎಂಬುದೇ ಪುರಾವೆಯಲ್ಲ. ಓಡಿಸದೆ, ಪ್ರೋಗ್ರಾಂನ ಸಾಲುಗಳನ್ನು ಓದಿಯೇ ಉತ್ತರ ಹೇಳುವ ಜಾಣ ವಿಧಾನವೊಂದು ಇರಬಹುದಲ್ಲ? ಇನ್ನೂ ಯಾರಿಗೂ ಹೊಳೆಯದ ವಿಧಾನಗಳನ್ನೂ ಸೇರಿಸಿ, ಅಂಥದ್ದು ಯಾವುದೂ ಇರಲಾರದು ಎಂದು ಹೇಳುವುದು ಹೇಗೆ? ವಿಧಾನಗಳನ್ನು ಒಂದೊಂದಾಗಿ ತಳ್ಳಿಹಾಕುತ್ತ ಹೋದರೆ ಕೊನೆಯೇ ಇಲ್ಲ. ತರ್ಕಶಾಸ್ತ್ರ ಇಲ್ಲಿ ಬೇರೆ ದಾರಿ ಹಿಡಿಯುತ್ತದೆ: ಆಗದು ಎಂದು ಈಗಾಗಲೇ ಸಾಬೀತಾಗಿರುವ ಒಂದು ಕೆಲಸವನ್ನು ಹೊಸ ಪ್ರಶ್ನೆಯ ವೇಷದಲ್ಲಿ ಬರೆದು ತೋರಿಸುತ್ತದೆ. ಈ ವೇಷಾಂತರಕ್ಕೆ ಮ್ಯಾಪಿಂಗ್ ರಿಡಕ್ಷನ್ ಎನ್ನುತ್ತಾರೆ.

ಆಗದು ಎಂದು ಗೊತ್ತಿರುವ ಆ ಕೆಲಸ ‘ಒಪ್ಪಿಗೆಯ ಪ್ರಶ್ನೆ’. ಯಂತ್ರ M ಮತ್ತು ಅಕ್ಷರಸಾಲು w ಎರಡನ್ನೂ ಕೊಟ್ಟರೆ, M ಆ w ಅನ್ನು ಒಪ್ಪುತ್ತದೆಯೇ? ಇದಕ್ಕೆ ಯಾವಾಗಲೂ ನಿಂತು ಸರಿಯುತ್ತರ ಕೊಡುವ ವಿಧಾನ ಇದ್ದಿದ್ದರೆ, ‘ನಾನು ನನ್ನದೇ ಪಠ್ಯವನ್ನು ಒಪ್ಪುತ್ತೇನೆಯೇ’ ಎಂದು ಆ ವಿಧಾನವನ್ನೇ ಕೇಳಿ, ಬಂದ ಉತ್ತರಕ್ಕೆ ವಿರುದ್ಧವಾಗಿ ನಡೆಯುವ ಯಂತ್ರವನ್ನು ಕಟ್ಟಬಹುದಿತ್ತು. ಆಗ ಆ ವಿಧಾನ ಏನು ಹೇಳಿದರೂ ಸುಳ್ಳಾಗುತ್ತಿತ್ತು. ಈ ಬಗೆಯ ವಾದದ ಬೇರು ಅಲನ್ ಟ್ಯೂರಿಂಗ್ 1936ರಲ್ಲಿ ಬರೆದ ಪ್ರಬಂಧದಲ್ಲಿದೆ. ಈಗಿನ ಪಠ್ಯಪುಸ್ತಕಗಳ ರೂಪ ಆಮೇಲೆ ಬಂದದ್ದು.

ಇನ್ನು ವೇಷಾಂತರಕ್ಕೆ ಬರೋಣ. M ಮತ್ತು w ಕೈಯಲ್ಲಿವೆ. ಅವೆರಡನ್ನೂ ಒಳಗೆ ಹುದುಗಿಸಿಕೊಂಡ M1 ಎಂಬ ಹೊಸ ಪ್ರೋಗ್ರಾಂ ಬರೆಯುತ್ತೇವೆ:

```
def M1(x):
    if M(w) == "accept":
        return "accept"
    return "reject"
```

M1ಗೆ ಬರುವ x ಏನೆಂದು ಅದು ನೋಡುವುದೇ ಇಲ್ಲ. ಏನು ಕೊಟ್ಟರೂ ಅದನ್ನು ಬದಿಗಿಟ್ಟು, M ಅನ್ನು w ಮೇಲೆ ಓಡಿಸುತ್ತದೆ. M ಒಪ್ಪಿದರೆ M1 ಕೂಡ ಒಪ್ಪುತ್ತದೆ, ಅದೂ ಪ್ರಪಂಚದ ಎಲ್ಲ ಅಕ್ಷರಸಾಲುಗಳನ್ನೂ. M ನಿರಾಕರಿಸಿದರೆ M1 ಎಲ್ಲವನ್ನೂ ನಿರಾಕರಿಸುತ್ತದೆ. M ನಿಲ್ಲದೆ ಓಡಿದರೆ M1 ಕೂಡ ಯಾವ x ಕೊಟ್ಟರೂ ನಿಲ್ಲದೆ ಓಡುತ್ತದೆ, ಅಂದರೆ ಒಂದನ್ನೂ ಒಪ್ಪಿದಂತಾಗಲಿಲ್ಲ. ಹೀಗಾಗಿ M1 ಒಂದೋ ಎಲ್ಲವನ್ನೂ ಒಪ್ಪುತ್ತದೆ, ಇಲ್ಲವೇ ಪೂರ್ತಿ ಖಾಲಿ; ನಡುವಿನ ಸ್ಥಿತಿ ಎಂಬುದಿಲ್ಲ. M1 ಖಾಲಿಯೇ ಎಂದು ಯಾರಾದರೂ ಹೇಳಬಲ್ಲರಾದರೆ, M ಆ w ಅನ್ನು ಒಪ್ಪುತ್ತದೆಯೇ ಎಂಬುದನ್ನೂ ಹೇಳಿದಂತಾಯಿತು. ಅದು ಯಾರಿಂದಲೂ ಆಗದ ಕೆಲಸ. ಆದ್ದರಿಂದ ಖಾಲಿತನವನ್ನು ನಿರ್ಣಯಿಸುವ ವಿಧಾನವೂ ಇಲ್ಲ.

ಇಲ್ಲಿ ಹೊಸಬರು ಎಡವುವ ಜಾಗ ಒಂದಿದೆ. ‘M ನಿಲ್ಲುತ್ತದೋ ಇಲ್ಲವೋ ಗೊತ್ತಿಲ್ಲದೆ M1 ಅನ್ನು ಕಟ್ಟುವುದು ಹೇಗೆ?’ ಎಂದು ಕೇಳುತ್ತಾರೆ. ಕಟ್ಟುವವರು M ಅನ್ನೂ ಓಡಿಸುವುದಿಲ್ಲ, M1 ಅನ್ನೂ ಓಡಿಸುವುದಿಲ್ಲ. ಅವರು ಬರೀ ಪಠ್ಯ ಬರೆದು ಕೈ ತೊಳೆದುಕೊಳ್ಳುತ್ತಾರೆ. ರಿಡಕ್ಷನ್ ಎಂದರೆ ಈ ಬರವಣಿಗೆ ಮಾತ್ರ, ಮತ್ತು ಅದು ನಾಲ್ಕು ಸಾಲಿನಲ್ಲಿ ಖಂಡಿತ ಮುಗಿಯುತ್ತದೆ.

ಒಂದು ಉದಾಹರಣೆಯಿಂದ ಇದರ ತೂಕ ತಿಳಿಯುತ್ತದೆ. 28ನ್ನು ಬಿಟ್ಟು ಅದರ ಉಳಿದ ಭಾಜಕಗಳು 1, 2, 4, 7, 14. ಕೂಡಿದರೆ ಮತ್ತೆ 28. ಇಂಥವು ಪರಿಪೂರ್ಣ ಸಂಖ್ಯೆಗಳು. ಬೆಸ ಪರಿಪೂರ್ಣ ಸಂಖ್ಯೆ ಒಂದಾದರೂ ಇದೆಯೇ ಎಂಬುದು ಗಣಿತದಲ್ಲಿ ಇವತ್ತಿಗೂ ಬಗೆಹರಿದಿಲ್ಲ. ಕೊಟ್ಟ ಸಂಖ್ಯೆಗಿಂತ ದೊಡ್ಡದಾದ ಬೆಸ ಪರಿಪೂರ್ಣ ಸಂಖ್ಯೆಯನ್ನು ಒಂದೊಂದಾಗಿ ಹುಡುಕುತ್ತ ಹೋಗಿ, ಸಿಕ್ಕರೆ ಒಪ್ಪುವ ಪ್ರೋಗ್ರಾಂ M ಆಗಲಿ. w ಎಂದರೆ 1. ಈ M ಅನ್ನು ಬರೆಯಲು ಕಾಲೇಜು ವಿದ್ಯಾರ್ಥಿಗೆ ಅರ್ಧ ಗಂಟೆ ಸಾಕು. ಅದರಿಂದ ಹುಟ್ಟುವ M1 ಖಾಲಿಯೇ ಅಲ್ಲವೇ ಎಂದು ಹೇಳುವುದೆಂದರೆ ಆ ಹಳೆಯ ಸಮಸ್ಯೆಯನ್ನು ಬಿಡಿಸಿದಂತೆ. ಆದರೂ ಇದೊಂದೇ ಉದಾಹರಣೆ ಪುರಾವೆಯಾಗದು; ನಾಳೆ ಯಾರೋ ಇದನ್ನು ಬಿಡಿಸಿಬಿಡಬಹುದು. ಪುರಾವೆಯ ಬಲ ಇರುವುದು ಎಲ್ಲ M, ಎಲ್ಲ w ಗಳಿಗೂ ಅದೇ ನಾಲ್ಕು ಸಾಲು ಕೆಲಸ ಮಾಡುತ್ತವೆ ಎಂಬುದರಲ್ಲಿ.

ಪರೀಕ್ಷೆಯಲ್ಲಿ ಅಂಕ ಹೋಗುವುದು ಹೆಚ್ಚಾಗಿ ದಿಕ್ಕಿನ ವಿಷಯದಲ್ಲಿ. ಕಷ್ಟವೆಂದು ಗೊತ್ತಿರುವ ಪ್ರಶ್ನೆಯಿಂದ ಹೊಸ ಪ್ರಶ್ನೆಯ ಕಡೆಗೆ ಹೋಗಬೇಕು. ಖಾಲಿತನದ ಪ್ರಶ್ನೆಯನ್ನೇ ಒಪ್ಪಿಗೆಯ ಪ್ರಶ್ನೆಯಾಗಿ ಬದಲಿಸಿದರೆ ಏನೂ ಸಾಬೀತಾಗುವುದಿಲ್ಲ. ಎರಡು ಅಂಕಿಗಳ ಮೊತ್ತ ಸಮಸಂಖ್ಯೆಯೇ ಎಂಬ ಸುಲಭ ಪ್ರಶ್ನೆಯನ್ನೂ ಬೇಕಾದರೆ ಯಂತ್ರವೊಂದರ ಒಪ್ಪಿಗೆಯ ಪ್ರಶ್ನೆಯಾಗಿ ಬರೆಯಬಹುದು. ಅಷ್ಟರಿಂದ ಅದು ಕಷ್ಟವಾಗಿಬಿಡುತ್ತದೆಯೇ?

ಇನ್ನೊಂದು ಸೂಕ್ಷ್ಮವಿದೆ, ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಅತ್ಯಂತ ರುಚಿಕರವಾದ ಭಾಗ ಇದೇ. ಮೇಲಿನ ರಚನೆಯಲ್ಲಿ ಉತ್ತರ ತಿರುಗುಮುರುಗಾಗಿದೆ. M ಒಪ್ಪಿದರೆ M1 ಖಾಲಿಯಲ್ಲ. M ಒಪ್ಪದಿದ್ದರೆ ಖಾಲಿ. ಮ್ಯಾಪಿಂಗ್ ರಿಡಕ್ಷನ್ನಿನ ನಿಯಮದಲ್ಲಿ ‘ಹೌದು’ ಎಂಬುದು ‘ಹೌದು’ ಆಗಿಯೇ ಉಳಿಯಬೇಕು. ಹಾಗಾಗಿ ಕಟ್ಟುನಿಟ್ಟಾಗಿ ಹೇಳುವುದಾದರೆ ನಾವು ತಲುಪಿದ್ದು ‘ಖಾಲಿಯಲ್ಲವೇ?’ ಎಂಬ ಪ್ರಶ್ನೆಯನ್ನು. ಒಂದನ್ನು ನಿರ್ಣಯಿಸಬಲ್ಲವರು ಉತ್ತರವನ್ನು ತಿರುಗಿಸಿ ಇನ್ನೊಂದನ್ನೂ ನಿರ್ಣಯಿಸಬಲ್ಲರು, ಆದ್ದರಿಂದ ತೀರ್ಮಾನಕ್ಕೆ ಧಕ್ಕೆಯಿಲ್ಲ. ಆದರೆ M ಒಪ್ಪಿದಾಗಲೇ ಖಾಲಿಯಾಗುವಂಥ ಯಂತ್ರವನ್ನು ನೇರವಾಗಿ ಕಟ್ಟಲು ಆಗುವುದಿಲ್ಲವೇ?

ಎಷ್ಟು ಜಾಣತನ ತೋರಿದರೂ ಆಗುವುದಿಲ್ಲ. ಯಾವ M, ಯಾವ w ಕೊಟ್ಟರೂ ಅಂಥ ಯಂತ್ರವನ್ನು ಯಾರೋ ಕಟ್ಟಿಕೊಡುತ್ತಾರೆ ಎನ್ನಿ. ಅದನ್ನು N ಎಂದು ಕರೆಯೋಣ. ಈಗ ಎರಡು ಕೆಲಸಗಳನ್ನು ಸರದಿಯ ಮೇಲೆ ನಡೆಸುತ್ತೇವೆ. ಒಂದು ಕಡೆ M ಅನ್ನು w ಮೇಲೆ ಓಡಿಸುವುದು. ಇನ್ನೊಂದು ಕಡೆ N ಒಪ್ಪುವ ಅಕ್ಷರಸಾಲನ್ನು ಹುಡುಕುವುದು: ಮೊದಲ ಸಾಲಿನ ಮೇಲೆ ಒಂದು ಹೆಜ್ಜೆ, ಆಮೇಲೆ ಮೊದಲ ಎರಡರ ಮೇಲೆ ಎರಡೆರಡು ಹೆಜ್ಜೆ, ಮೊದಲ ಮೂರರ ಮೇಲೆ ಮೂರು ಮೂರು, ಹೀಗೆ. ಈ ಕ್ರಮದಲ್ಲಿ ಹುಡುಕಿದರೆ ನಿಲ್ಲದ ಒಂದು ಓಟದಲ್ಲಿ ಸಿಕ್ಕಿಕೊಳ್ಳುವ ಭಯವಿಲ್ಲ, ಒಪ್ಪುವ ಸಾಲಿದ್ದರೆ ಎಂದಾದರೊಂದು ದಿನ ಸಿಕ್ಕೇ ಸಿಗುತ್ತದೆ. M ಒಪ್ಪುವುದಾದರೆ ಮೊದಲ ಕೆಲಸ ಉತ್ತರ ಕೊಡುತ್ತದೆ. ಒಪ್ಪದಿದ್ದರೆ N ಖಾಲಿಯಲ್ಲ, ಎರಡನೆಯ ಕೆಲಸ ಉತ್ತರ ಕೊಡುತ್ತದೆ. ಎರಡರಲ್ಲೊಂದು ನಿಲ್ಲಲೇಬೇಕು. ಅಲ್ಲಿಗೆ ಒಪ್ಪಿಗೆಯ ಪ್ರಶ್ನೆಯೇ ಬಗೆಹರಿದಂತಾಯಿತು, ಅದು ಅಸಾಧ್ಯವೆಂದು ಆಗಲೇ ಗೊತ್ತಾಗಿದೆ.

ಅಂದರೆ ಈ ಎರಡು ಪ್ರಶ್ನೆಗಳು ಒಂದೇ ಬಗೆಯಲ್ಲಿ ಅನಿರ್ಣಯವಲ್ಲ. ಒಪ್ಪಿಗೆಯ ಪ್ರಶ್ನೆಗೆ ‘ಹೌದು’ ಎಂಬ ಉತ್ತರ ಕಾದವರಿಗೆ ಸಿಗುತ್ತದೆ. ‘ಇಲ್ಲ’ ಎಂಬುದು ಸಿಗುತ್ತದೆಂಬ ಭರವಸೆ ಇಲ್ಲ. ಖಾಲಿತನದ ಪ್ರಶ್ನೆಗೆ ಇದರ ತಿರುಗು: ಖಾಲಿಯಲ್ಲದ್ದು ಕಾದರೆ ತಿಳಿಯುತ್ತದೆ, ನಿಜಕ್ಕೂ ಖಾಲಿಯಾದ ಪ್ರತಿಯೊಂದು ಯಂತ್ರವನ್ನೂ ಗುರುತಿಸಿ ಹೇಳುವ ವಿಧಾನ ಮಾತ್ರ ಎಷ್ಟು ಕಾದರೂ ಇಲ್ಲ.

ಇಷ್ಟೆಲ್ಲ ಮಾತು ಪೂರ್ಣ ಶಕ್ತಿಯ ಯಂತ್ರಗಳಿಗೆ ಸಂಬಂಧಿಸಿದ್ದು. ಬರೆದಿಡಲು ಬೇರೆ ಜಾಗವಿಲ್ಲದ, ಎಣಿಕೆಯ ಸ್ಥಿತಿಗಳಷ್ಟೇ ಇರುವ ಫೈನೈಟ್ ಆಟೊಮೇಟನ್ ಆದರೆ ಖಾಲಿತನದ ಪ್ರಶ್ನೆ ಸಲೀಸು. ಆರಂಭದ ಸ್ಥಿತಿಗೆ ಗುರುತು ಹಾಕಿ, ಅಲ್ಲಿಂದ ಬಾಣಗಳ ಜಾಡು ಹಿಡಿದು ತಲುಪಬಹುದಾದ ಸ್ಥಿತಿಗಳಿಗೆಲ್ಲ ಗುರುತು ಹಾಕುತ್ತ ಹೋದರಾಯಿತು. ಹೊಸ ಗುರುತು ಬೀಳುವುದು ನಿಂತಾಗ ಒಪ್ಪಿಗೆಯ ಸ್ಥಿತಿ ಒಂದಕ್ಕೂ ಗುರುತು ಬಿದ್ದಿರದಿದ್ದರೆ ಆ ಯಂತ್ರ ಖಾಲಿ.