ಬಡ್ಡಿ ಇಳಿದರೆ ಯಾರು ಹಣ ಹೂಡುತ್ತಾರೆ?

2025ರ ಫೆಬ್ರವರಿಯಿಂದ ಜೂನ್ ನಡುವೆ ರಿಸರ್ವ್ ಬ್ಯಾಂಕ್ ರೆಪೊ ದರವನ್ನು ಶೇ 6.5ರಿಂದ 5.5ಕ್ಕೆ ಇಳಿಸಿತು. ದರ ನಿರ್ಧಾರವಾಗುವುದು ಮುಂಬಯಿಯಲ್ಲಿ. ಅದರಿಂದ ಉತ್ಪಾದನೆ ಎಷ್ಟು ಹೆಚ್ಚೀತೆಂಬುದು ಮಾತ್ರ ನಂಜನಗೂಡು, ತಿ. ನರಸೀಪುರದಂಥ ಊರುಗಳಲ್ಲಿ ಸಾಲ ಮಾಡಿ ಹಣ ಹೂಡುವವರ ಕೈಯಲ್ಲಿದೆ. ಬಡ್ಡಿಯನ್ನು ನೆಟ್ಟಗಿನ ಅಕ್ಷದಲ್ಲೂ ಹೂಡಿಕೆಯನ್ನು ಅಡ್ಡ ಅಕ್ಷದಲ್ಲೂ ಗುರುತಿಸಿ ಗೆರೆ ಎಳೆಯಿರಿ. ಗೆರೆ ಕಡಿದಾಗಿದ್ದರೆ ಬಡ್ಡಿ ಎಷ್ಟು ಇಳಿದರೂ ಹೂಡಿಕೆ ಅಷ್ಟಾಗಿ ಏರದು, ಉತ್ಪಾದನೆಯೂ ಏರದು.

ಗೆರೆ ಕಡಿದಾಗಿರುವುದೇಕೆ? ನಮ್ಮವರಿಗೆ ಧೈರ್ಯ ಸಾಲದು ಎನ್ನುವುದು ಸುಲಭದ ಉತ್ತರ. ನನಗೆ ಅದು ಒಪ್ಪಿಗೆಯಿಲ್ಲ, ಲೆಕ್ಕ ಬೇರೆಯೇ ಹೇಳುತ್ತದೆ. ಹಳೆಯ ಲಾರಿಯೊಂದಕ್ಕೆ 10 ಲಕ್ಷ ರೂಪಾಯಿಯನ್ನು ಮೂರು ವರ್ಷಕ್ಕೆ ಸಾಲ ತಂದರೆ, ಶೇ 10ರ ಬಡ್ಡಿಗೆ ತಿಂಗಳ ಕಂತು ಸುಮಾರು 32,270 ರೂಪಾಯಿ. ಶೇ 9ಕ್ಕೆ 31,800. ಉಳಿತಾಯ ಶೇ ಒಂದೂವರೆ, ಡೀಸೆಲ್ ದರ ಸ್ವಲ್ಪ ಏರಿದರೆ ಕರಗಿಹೋಗುವಷ್ಟು. ಅದೇ ಹಣವನ್ನು ಕಟ್ಟಡಕ್ಕೆಂದು ಇಪ್ಪತ್ತು ವರ್ಷಕ್ಕೆ ತಂದರೆ ಕಂತು 9,650ರಿಂದ 8,997ಕ್ಕೆ ಬರುತ್ತದೆ. ಇಲ್ಲಿ ಹೆಚ್ಚುಕಮ್ಮಿ ಶೇ 7 ಉಳಿಯಿತು. ಆಸ್ತಿಯ ಬಾಳಿಕೆ ಹೆಚ್ಚಿದಷ್ಟೂ ಗೆರೆ ಚಪ್ಪಟೆಯಾಗುತ್ತದೆ.

ತಿ. ನರಸೀಪುರದ ಭತ್ತದ ರೈತನಿಗೆ ಈ ಲೆಕ್ಕವೇ ಬೇಕಿಲ್ಲ. ರಾಜ್ಯ ಸರ್ಕಾರ 2023ರಲ್ಲಿ ಸಹಕಾರ ಸಂಘಗಳ ಬಡ್ಡಿರಹಿತ ಅಲ್ಪಾವಧಿ ಸಾಲದ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿತು. ಮುಂಬಯಿಯಲ್ಲಿ ದರ ಏರಲಿ, ಇಳಿಯಲಿ, ಆ ಸಾಲದ ಬಡ್ಡಿ ಸೊನ್ನೆಯೇ. ಆತ ಕಾಯುವುದು ಕಬಿನಿ ನಾಲೆಯ ನೀರಿಗೆ.

ಇನ್ನು, ಕಡಿದಾದ ಗೆರೆ ಬೇರೆ, ಜಾಗ ಬದಲಿಸಿದ ಗೆರೆ ಬೇರೆ. 2020ರ ಮೇ ತಿಂಗಳಲ್ಲಿ ರೆಪೊ ಶೇ 4ಕ್ಕೆ ಇಳಿದಿತ್ತು. ಅದಕ್ಕೂ ಮೊದಲೇ, ಮಾರ್ಚ್ ಕೊನೆಗೆ, ನಂಜನಗೂಡಿನ ಔಷಧ ಕಾರ್ಖಾನೆಯೊಂದರ ಸುತ್ತ ಕೋವಿಡ್ ಹಬ್ಬಿ ಪಟ್ಟಣವೇ ಸ್ತಬ್ಧವಾಗಿತ್ತು. ಆಗ ಹೂಡಿಕೆ ಕುಗ್ಗಿದ್ದನ್ನು ನೋಡಿ ಬಡ್ಡಿಗೆ ಇಲ್ಲಿ ಬೆಲೆಯಿಲ್ಲ ಎಂದರೆ ಅದು ತಪ್ಪು ತೀರ್ಮಾನ. ಮಾರಾಟದ ನಿರೀಕ್ಷೆಯೇ ಕುಸಿದು ಇಡೀ ಗೆರೆ ಎಡಕ್ಕೆ ಸರಿದಿತ್ತು. ಇಳಿಜಾರು ತಿಳಿಯಬೇಕಾದರೆ ಬೇಡಿಕೆ ಒಂದೇ ಸಮನಿದ್ದು ಬಡ್ಡಿ ಮಾತ್ರ ಬದಲಾದ ಕಾಲವನ್ನು ನೋಡಬೇಕು. ಅಂಥ ಕಾಲ ಸಿಗುವುದು ಅಪರೂಪ.

ಗೆರೆ ಕಡಿದಾಗಿರುವಲ್ಲಿ ಸರ್ಕಾರದ ಖರ್ಚಿಗೆ ಬಲ ಹೆಚ್ಚು, ಏಕೆಂದರೆ ಆ ಖರ್ಚಿನಿಂದ ಬಡ್ಡಿ ಏರಿದರೂ ಖಾಸಗಿ ಹೂಡಿಕೆ ಹೆಚ್ಚು ಹಿಂಜರಿಯದು. ಆದ್ದರಿಂದ ಒಂದೇ ರೆಪೊ ಕಡಿತದಿಂದ ನಂಜನಗೂಡಿನ ಹೊಸ ಕಟ್ಟಡಕ್ಕೆ ಲಾಭವಾದೀತು, ತಿ. ನರಸೀಪುರದ ಗದ್ದೆಗೆ ನಾಲೆ ದುರಸ್ತಿಗೆ ಇಟ್ಟ ಹಣವೇ ಹೆಚ್ಚು ಕೆಲಸಕ್ಕೆ ಬರುತ್ತದೆ.