ತಪ್ಪುಕಾಣಿಕೆ ಯಾರಿಗೆ?

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ತೋಟದ ಬೇಲಿ ಜಗಳ ಬಲಿತರೆ ಕೋರ್ಟಿಗಿಂತ ಮೊದಲು ಬಾಯಿಗೆ ಬರುವುದು ಧರ್ಮಸ್ಥಳ. ‘ಮಂಜುನಾಥನ ಮೇಲೆ ಆಣೆ ಮಾಡು’ ಎಂದು ನಾಲ್ಕು ಜನರೆದುರು ಒಬ್ಬ ಅಂದುಬಿಟ್ಟರೆ ಎರಡು ಮನೆಗಳ ನಡುವೆ ಊಟ, ನೀರು ನಿಂತ ಹಾಗೆಯೇ. ಬಿಡಿಸಿಕೊಳ್ಳುವ ದಾರಿಯೂ ಅಲ್ಲೇ ಇದೆ: ಇಬ್ಬರೂ ಹೋಗಿ ಆಣೆ ಬಿಡಿಸಿಕೊಂಡು ತಪ್ಪುಕಾಣಿಕೆ ಹಾಕಿ ಬರುವುದು. ಇದು ಕ್ಷಮೆಯೋ, ಕ್ಷಮೆ ಕೇಳದೆ ಜಾರಿಕೊಳ್ಳುವ ಉಪಾಯವೋ?

ಒಂದು ಜಗಳವನ್ನು ಊಹಿಸಿಕೊಳ್ಳಿ. ಮಳೆಗಾಲ ಕಳೆದ ಮೇಲೆ ಬೇಲಿ ಕಟ್ಟುವಾಗ ಒಬ್ಬ ಪಕ್ಕದವನ ಒಂದು ಸಾಲು ಅಡಿಕೆ ಮರ ಒಳಗೆ ಹಾಕಿಕೊಂಡ. ಮದುವೆಮನೆಯಲ್ಲಿ ಪಕ್ಕದವನು ‘ಕಳ್ಳ’ ಎಂದ. ಈಗ ಬೇಲಿ ಹಿಂದೆ ಸರಿದರೆ ಆ ಮಾತು ನಿಜವಾಗುತ್ತದೆ, ಆದ್ದರಿಂದ ಸರಿಯುವುದಿಲ್ಲ. ಅಂದವನೂ ಸಿಕ್ಕಿಬಿದ್ದಿದ್ದಾನೆ, ಮಾತು ಹಿಂತೆಗೆದುಕೊಂಡರೆ ಅವನೇ ಸುಳ್ಳುಗಾರ. ಮರಗಳ ಬೆಲೆಗಿಂತ ಮರ್ಯಾದೆಯ ಬೆಲೆ ಹೆಚ್ಚಾಗುವುದು ಇಲ್ಲಿ.

ತಿಳಿದ ಹಿರಿಯನಾದರೆ ಮೊದಲು ಹದ್ದುಬಸ್ತಿಗೆ ಅರ್ಜಿ ಹಾಕಿಸುತ್ತಾನೆ. ಸರ್ವೆಯವರು ಅಳೆದು ಗಡಿ ಗುರುತಿಸಿದರೆ ಬೇಲಿ ಸರಿಯುವುದು ನಕ್ಷೆಯ ಕಾರಣಕ್ಕೆ, ಸೋಲಿನ ಕಾರಣಕ್ಕಲ್ಲ. ಆಮೇಲೆ ಕಾಣಿಕೆ. ಒಬ್ಬ ಬೇಲಿಗಾಗಿ, ಇನ್ನೊಬ್ಬ ಬಾಯಿಗಾಗಿ ಹಾಕುತ್ತಾನೆ. ತಲೆ ಬಾಗುವುದು ದೇವರಿಗೆ, ಪಕ್ಕದವನಿಗಲ್ಲ. ನಾಲ್ವರೆದುರು ಹೋದ ಮಾನ ನಾಲ್ವರಿಗೆ ಕಾಣುವಂತೆಯೇ ಮರಳಬೇಕು, ಆದರೆ ತಪ್ಪೊಪ್ಪಿಗೆಯ ವಿವರ ಯಾರಿಗೂ ಬೇಕಿಲ್ಲ.

ಇದನ್ನು ಕಪಟ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. 1971ರ ನ್ಯಾಯಾಂಗ ನಿಂದನೆ ಕಾಯ್ದೆ ಕೂಡ, ಕ್ಷಮೆ ಪ್ರಾಮಾಣಿಕವಾಗಿದ್ದರೆ, ಷರತ್ತಿನದು ಎಂಬ ಒಂದೇ ಕಾರಣಕ್ಕೆ ಅದನ್ನು ತಳ್ಳಬಾರದು ಎನ್ನುತ್ತದೆ. ಮನಸ್ಸಿನೊಳಗೆ ಪಶ್ಚಾತ್ತಾಪ ಎಷ್ಟಿತ್ತೆಂದು ಅಳೆಯಲು ಸರ್ವೆಯವರಿಗೆ ಆಗದು, ಪಂಚರಿಗೂ ಆಗದು. ಬೇಲಿ ಸರಿಯಿತೇ, ಆ ಸಾಲಿನ ಫಸಲು ಮರಳಿತೇ, ಮುಂದಿನ ಕೊನೆ ಕೊಯ್ಲಿಗೆ ಒಬ್ಬರ ಮನೆಗೆ ಇನ್ನೊಬ್ಬರು ಬಂದರೇ ಎಂಬುದನ್ನು ನೋಡಬಹುದು. ಕಾಣಿಕೆ ಬಿದ್ದು ಬೇಲಿ ಅಲ್ಲೇ ಉಳಿದಿದ್ದರೆ ಅದು ಬರೀ ನಾಟಕ.

ಆದರೆ ಈ ದಾರಿ ಸಮಾನರಿಗೆ ಮಾತ್ರ. ತೋಟದ ಧಣಿ ಕೂಲಿಯಾಳನ್ನು ಎಲ್ಲರೆದುರು ಬೈದು ಹೊಡೆದಾಗ ‘ಊರಿನ ಮರ್ಯಾದೆ’ಗಾಗಿ ರಾಜಿ ಮಾಡಿಸಿ, ದೇವರಿಗೆ ಕಾಣಿಕೆ ಹಾಕಿಸಿದರೆ, ಉಳಿಯುವುದು ಧಣಿಯ ಮಾನವೊಂದೇ. ಏಟು ತಿಂದವನ ಮಾನದ ಲೆಕ್ಕ ಯಾರೂ ಇಡುವುದಿಲ್ಲ. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಮೇಲಿನ ದೌರ್ಜನ್ಯ ತಡೆಯುವ 1989ರ ಕಾಯ್ದೆ, ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ ಬೇಕೆಂದೇ ಮಾಡಿದ ಅವಮಾನವನ್ನು ಅಪರಾಧವೆಂದು ಹೆಸರಿಸಿದ್ದು ಸುಮ್ಮನೆ ಅಲ್ಲ. ಅಂಥ ಕಡೆ ಹಿರಿಯರು ನಡುವೆ ಕೂರಬಾರದು, ದೂರು ದಾಖಲಾಗಬೇಕು. ಧಣಿಗೆ ಕ್ಷಮೆ ಕೇಳುವ ಮನಸ್ಸಿದ್ದರೆ ಹೊಡೆದ ಅಂಗಳದಲ್ಲೇ, ಅದೇ ಜನರೆದುರು, ಹೊಡೆಸಿಕೊಂಡವನನ್ನೇ ಕೇಳಲಿ.