ಮುಂದೂಡಿದ ಓದು, ಮೆತ್ತಗಾಗುವ ಅರಿವು

“ಎಲ್ಲಾ ಗೊತ್ತು ಅವಳಿಗೆ, ಆದ್ರೂ ಪುಸ್ತಕ ಮುಟ್ಟಲ್ಲ.” ದ್ವಿತೀಯ ಪಿಯುಸಿ ಓದುವ ಮಕ್ಕಳಿರುವ ಮನೆಗಳಲ್ಲಿ ಡಿಸೆಂಬರ್ ಬಂತೆಂದರೆ ಈ ಮಾತು ಕೇಳಿಬರುತ್ತದೆ. ಗೊತ್ತಿರುವುದು ಒಂದು ಕಡೆ ಗಟ್ಟಿಯಾಗಿ ನಿಂತಿದೆ, ನಡತೆ ಮಾತ್ರ ಅದಕ್ಕೆ ಬೆನ್ನು ತಿರುಗಿಸಿದೆ ಎಂಬ ನಂಬಿಕೆ ಅದರಲ್ಲಿದೆ. ಈ ನಂಬಿಕೆ ತಪ್ಪು ಎಂಬುದು ನನ್ನ ವಾದ. ಮುಂದೂಡುವವರ ಅರಿವು ಇದ್ದ ಹಾಗೆಯೇ ಇರುವುದಿಲ್ಲ. ಮುಂದೂಡಿದ ಪ್ರತಿ ಸಂಜೆಯೂ ಅದು ಒಂದಿಷ್ಟು ಬದಲಾಗುತ್ತದೆ.

ಗೊತ್ತಿದ್ದೂ ತಪ್ಪು ಮಾಡುವುದು ಸಾಧ್ಯವೇ ಎಂಬುದು ಹಳೆಯ ಪ್ರಶ್ನೆ. ನಿಜವಾಗಿ ತಿಳಿದವನು ತಪ್ಪುವುದಿಲ್ಲ, ತಪ್ಪಿದನೆಂದರೆ ತಿಳಿದಿರಲಿಲ್ಲವೆಂದೇ ಅರ್ಥ ಎಂದು ಸಾಕ್ರಟೀಸ್ ವಾದಿಸಿದ. ಮನೋಬಲ ಕುಂದಿದಾಗ ತಿಳಿವಳಿಕೆ ಸೋಲುತ್ತದೆ ಎಂದು ಅರಿಸ್ಟಾಟಲ್ ತಿದ್ದಿದ. ಇಬ್ಬರೂ ನೋಡಿದ್ದು ತಪ್ಪು ನಡೆಯುವ ಗಳಿಗೆಯನ್ನು. ಅಮೆರಿಕದ ಮನೋವಿಜ್ಞಾನಿ ಲಿಯಾನ್ ಫೆಸ್ಟಿಂಗರ್ 1957ರಲ್ಲಿ ಕಾಗ್ನಿಟಿವ್ ಡಿಸೊನೆನ್ಸ್ ಕುರಿತ ಪುಸ್ತಕ ಬರೆದಾಗ ಆತನ ಕಣ್ಣು ಆ ಗಳಿಗೆಯ ನಂತರದ ಮೇಲಿತ್ತು. ತಪ್ಪಿದ ಮೇಲೆ ತಿಳಿವಳಿಕೆಗೆ ಏನಾಗುತ್ತದೆ? ಒಂದಕ್ಕೊಂದು ಒಗ್ಗದ ಎರಡು ಸಂಗತಿಗಳು ಮನಸ್ಸಿನಲ್ಲಿ ಒಟ್ಟಿಗೆ ಇದ್ದರೆ ಒಳಗೊಂದು ಕಿರಿಕಿರಿ ಹುಟ್ಟುತ್ತದೆ, ಅದನ್ನು ಕಳೆದುಕೊಳ್ಳಲು ಮನಸ್ಸು ತವಕಿಸುತ್ತದೆ ಎಂದು ಆತ ಹೇಳಿದ. ಅದಕ್ಕೆ ಕೊಟ್ಟ ಉದಾಹರಣೆಗಳಲ್ಲೊಂದು ಸಿಗರೇಟು ಸೇದುವವನದು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯಂಥ ಹೊಗೆಸೊಪ್ಪಿನ ಸೀಮೆಯಲ್ಲಿ ಆ ಉದಾಹರಣೆಯನ್ನು ಬಿಡಿಸಿ ಹೇಳಬೇಕಿಲ್ಲ. ಸೇದುವುದು ಕೆಟ್ಟದ್ದೆಂದು ಬಲ್ಲವನು ಸೇದುವುದನ್ನು ಬಿಡಬೇಕು, ಇಲ್ಲವೇ ಅದು ಅಷ್ಟೇನೂ ಕೆಟ್ಟದ್ದಲ್ಲ ಎಂದು ನಂಬಬೇಕು. ಎರಡನೆಯದು ಸುಲಭ.

ಈಗ ಕೆ.ಆರ್. ನಗರದ ಕಡೆಯ ಒಬ್ಬ ಹುಡುಗಿಯನ್ನು ಊಹಿಸಿಕೊಳ್ಳೋಣ. ವಾಣಿಜ್ಯ ವಿಭಾಗ, ಲೆಕ್ಕಶಾಸ್ತ್ರದಲ್ಲಿ ಪಾಲುದಾರನ ನಿವೃತ್ತಿಯ ಅಧ್ಯಾಯವನ್ನು ಪುನರಾವರ್ತನೆ ಮಾಡಬೇಕು. ಓದದಿದ್ದರೆ ಅಂಕ ಕಡಿಮೆ ಬರುತ್ತದೆಂದು ಬಲ್ಲಳು. ಮೊದಲ ಸಂಜೆ ಮೊಬೈಲು ಹಿಡಿದು ಕೂತು ಓದು ತಪ್ಪುತ್ತದೆ. ಮಲಗುವಾಗ ಮನಸ್ಸು ಚುಚ್ಚುತ್ತದೆ. ಕಳೆದ ಸಂಜೆಯನ್ನು ಮರಳಿ ತರಲಾಗದು, ಆದರೆ ಅದರ ಬಗೆಗಿನ ಅಭಿಪ್ರಾಯವನ್ನು ಬದಲಿಸಬಹುದು. “ಇನ್ನೂ ಮೂರು ತಿಂಗಳಿದೆ.” ಜನವರಿಯಲ್ಲಿ “ಚುಂಚನಕಟ್ಟೆ ಜಾತ್ರೆ ಮುಗೀಲಿ.” ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಅಂಕ ಕುಸಿದಾಗ “ಅದಕ್ಕೆ ಯಾವ ಲೆಕ್ಕ?” ಕೊನೆಗೆ “ಪರೀಕ್ಷೆ-2 ಇದೆಯಲ್ಲ.” 2024ರಿಂದ ರಾಜ್ಯದಲ್ಲಿ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ನಡೆಯುತ್ತಿವೆ, ಹೆಚ್ಚು ಬಂದ ಅಂಕವನ್ನು ಉಳಿಸಿಕೊಳ್ಳಬಹುದು. ಎಡವಿದ ಮಗುವಿಗೆ ಇದು ನಿಜವಾದ ಆಸರೆ. ಆದರೆ ಚುಚ್ಚುವ ಮನಸ್ಸಿಗೆ ಇದೇ ಸಿದ್ಧ ಸಮಾಧಾನವೂ ಆಗುತ್ತದೆ.

ಇವು ಪೊಳ್ಳು ನೆಪಗಳೆಂದು ತಳ್ಳಿಹಾಕಿದರೆ ಮುಖ್ಯವಾದದ್ದು ಕೈತಪ್ಪುತ್ತದೆ. ನೆಪ ಹೇಳುವವರಿಗೆ ಅದು ಸುಳ್ಳೆಂದು ಒಳಗೆ ಗೊತ್ತಿರುತ್ತದೆ. ಈ ಹುಡುಗಿ ತನ್ನ ಮಾತನ್ನು ನಂಬತೊಡಗಿದ್ದಾಳೆ. ಪರೀಕ್ಷೆ ಅಷ್ಟು ದೊಡ್ಡದಲ್ಲ, ಆ ಅಧ್ಯಾಯ ಅಷ್ಟು ಕಷ್ಟವಲ್ಲ, ತಾನು ಕೊನೆಗಳಿಗೆಯಲ್ಲೇ ಚೆನ್ನಾಗಿ ಓದುವವಳು: ಡಿಸೆಂಬರಿನಲ್ಲಿ ಇಲ್ಲದ ಈ ಅಭಿಪ್ರಾಯಗಳು ಫೆಬ್ರವರಿಯ ಹೊತ್ತಿಗೆ ಬೇರು ಬಿಟ್ಟಿವೆ.

ಇದನ್ನು ಬರಿಯ ಸೋಮಾರಿತನ ಎನ್ನಬಾರದೇಕೆ? ಪಿರಿಯಾಪಟ್ಟಣದ ಕಡೆಯ ಇನ್ನೊಬ್ಬ ಹುಡುಗನನ್ನು ಪಕ್ಕದಲ್ಲಿಟ್ಟು ನೋಡಿದರೆ ಉತ್ತರ ಸಿಗುತ್ತದೆ. ಮಳೆಗಾಲದಲ್ಲಿ ಅವನ ಮನೆಯ ಬ್ಯಾರನ್ನಿಗೆ ಸೊಪ್ಪು ತುಂಬುತ್ತಾರೆ. ಒಂದು ಸಲ ತುಂಬಿದರೆ ಐದಾರು ದಿನ ಹಗಲೂ ರಾತ್ರಿ ಬೆಂಕಿ ನೋಡಿಕೊಳ್ಳಬೇಕು, ಶಾಖ ಹೆಚ್ಚುಕಡಿಮೆಯಾದರೆ ಸೊಪ್ಪು ಕೆಟ್ಟು ಹರಾಜಿನಲ್ಲಿ ಬೆಲೆ ಬೀಳುತ್ತದೆ. ಅಪ್ಪನ ಜೊತೆ ಸೌದೆ ಹಾಕುತ್ತಾ ಹುಡುಗನ ಓದು ತಪ್ಪುತ್ತದೆ. ಇಬ್ಬರೂ ಕಳೆದುಕೊಂಡದ್ದು ಅಷ್ಟೇ ಗಂಟೆಗಳು ಎಂದಿಟ್ಟುಕೊಳ್ಳಿ. ಆದರೂ ಹುಡುಗನಿಗೆ ಪರೀಕ್ಷೆಯನ್ನು ಚಿಕ್ಕದು ಮಾಡಿಕೊಳ್ಳುವ ಅಗತ್ಯವಿಲ್ಲ. ಓದಲಿಲ್ಲ ಏಕೆಂಬುದಕ್ಕೆ ಹೊರಗೇ ಸಾಕಷ್ಟು ಕಾರಣವಿದೆ. ಅವನಿಗೆ ಬೇಸರ, ಭಯ ಇರಬಹುದು. ಓದಿನ ಬೆಲೆ ಮಾತ್ರ ಅವನ ಮನಸ್ಸಿನಲ್ಲಿ ಇಳಿಯುವುದಿಲ್ಲ. ಹುಡುಗಿಗೆ ಹೊರಗಿನ ಕಾರಣ ಸಾಲದು, ಆದ್ದರಿಂದ ಒಳಗಿನದನ್ನೇ ಬದಲಿಸಿಕೊಳ್ಳುತ್ತಾಳೆ.

ಫೆಸ್ಟಿಂಗರ್ ಮತ್ತು ಜೇಮ್ಸ್ ಕಾರ್ಲ್‌ಸ್ಮಿತ್ 1959ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನೇ ತೋರಿಸಿತ್ತು. ಸ್ಟ್ಯಾನ್‌ಫರ್ಡ್ ವಿದ್ಯಾರ್ಥಿಗಳಿಂದ ಒಂದು ಗಂಟೆ ಕಾಲ ಮಹಾ ಬೇಸರದ ಕೆಲಸ ಮಾಡಿಸಿದರು: ತಟ್ಟೆಯಲ್ಲಿ ದಾರದ ಉರುಳೆ ಜೋಡಿಸುವುದು, ಹಲಗೆಯ ಮೇಲಿನ ಗೂಟಗಳನ್ನು ಕಾಲು ಸುತ್ತು ತಿರುಗಿಸುವುದು. ಆಮೇಲೆ, ಸರದಿಗೆ ಕಾಯುತ್ತಿರುವವಳಿಗೆ “ಕೆಲಸ ಮಜವಾಗಿದೆ” ಎಂದು ಹೇಳಬೇಕೆಂದು ಕೇಳಿದರು. ಹಾಗೆ ಹೇಳಲು ಕೆಲವರಿಗೆ 20 ಡಾಲರ್, ಕೆಲವರಿಗೆ 1 ಡಾಲರ್. ಕೊನೆಗೆ ಆ ಕೆಲಸ ಹೇಗಿತ್ತೆಂದು ವಿಚಾರಿಸಿದಾಗ, ಚೆನ್ನಾಗಿತ್ತು ಎಂದವರು ಹೆಚ್ಚಾಗಿ 1 ಡಾಲರ್ ಪಡೆದವರೇ. 20 ಡಾಲರ್ ಸಿಕ್ಕವರಿಗೆ ಹೇಳಿದ ಸುಳ್ಳಿಗೆ ಹೊರಗೆ ಕಾರಣವಿತ್ತು. ಉಳಿದವರು ಸುಳ್ಳನ್ನು ನಿಜ ಮಾಡಿಕೊಳ್ಳಬೇಕಾಯಿತು.

ಈ ಸಿದ್ಧಾಂತಕ್ಕೆ ಮಿತಿಗಳೂ ಇವೆ. 2024ರಲ್ಲಿ ಹಲವು ದೇಶಗಳ ಪ್ರಯೋಗಾಲಯಗಳು ಒಟ್ಟುಗೂಡಿ ಇಂಥದೇ ಪ್ರಯೋಗವನ್ನು ಮರುಪರೀಕ್ಷಿಸಿದವು. ತಮ್ಮ ಅಭಿಪ್ರಾಯಕ್ಕೆ ವಿರುದ್ಧವಾದ ಪ್ರಬಂಧ ಬರೆದವರ ನಿಲುವು ಆ ಕಡೆ ಸರಿದದ್ದು ಅಲ್ಲಿಯೂ ಕಂಡಿತು. ಆದರೆ ಬರೆಯುವುದನ್ನು ತಾವೇ ಆರಿಸಿಕೊಂಡವರಿಗೂ ಹೇಳಿಸಿಕೊಂಡು ಬರೆದವರಿಗೂ ನಡುವೆ ನಿರೀಕ್ಷಿಸಿದ ಅಂತರ ಕಾಣಲಿಲ್ಲ. ಹಾಗಾಗಿ ಸ್ವಂತ ಆಯ್ಕೆಯ ಪಾತ್ರ ಎಷ್ಟೆಂಬುದನ್ನು ಖಚಿತವಾಗಿ ಹೇಳಲಾಗದು. ನಾವು ಆಡಿದ ಮಾತು ನಮ್ಮ ನಂಬಿಕೆಯನ್ನು ಎಳೆದೊಯ್ಯುತ್ತದೆ ಎಂಬುದು ಮಾತ್ರ ಉಳಿದುಕೊಂಡಿದೆ.

ನಿಜವಾದ ಅಡಚಣೆಯನ್ನೂ ಮನಸ್ಸು ಕಟ್ಟಿಕೊಂಡ ಸಮಾಧಾನವನ್ನೂ ಬೇರ್ಪಡಿಸುವುದು ಹೇಗೆ? ಕಾರಣ ತೊಲಗಿದ ಮೇಲೆ ಏನಾಗುತ್ತದೆಂದು ನೋಡಬೇಕು. ಬ್ಯಾರನ್ ಕೆಲಸ ಮುಗಿದ ವಾರ ಹುಡುಗ ಪುಸ್ತಕ ಹಿಡಿದರೆ ಅಡಚಣೆ ನಿಜವಾದದ್ದು. ಜಾತ್ರೆ ಮುಗಿದ ಮರುದಿನವೇ ಹೊಸ ಕಾರಣ ಹುಟ್ಟಿದರೆ ಜಾತ್ರೆ ಅಡಚಣೆಯಾಗಿರಲಿಲ್ಲ. ಇನ್ನೊಂದು ಗುರುತು, ನೆನಪಿಸುವುದರಿಂದಲೇ ತಪ್ಪಿಸಿಕೊಳ್ಳುವುದು: ಹಳೆಯ ಪ್ರಶ್ನೆಪತ್ರಿಕೆ ತೆರೆಯದಿರುವುದು, “ಎಷ್ಟು ಮುಗಿಸಿದೆ?” ಎಂದು ಕೇಳುವ ಗೆಳತಿಯ ಪಕ್ಕ ಬಸ್ಸಿನಲ್ಲಿ ಕೂರದಿರುವುದು.

ಹೀಗಿರುವಾಗ ಹೆದರಿಸುವುದರಿಂದ ಕೆಲಸವಾಗದು. “ಫೇಲಾದ್ರೆ ಮುಂದೇನು ಗತಿ?” ಎಂದು ಪರಿಣಾಮವನ್ನು ದೊಡ್ಡದು ಮಾಡಿದಷ್ಟೂ ಕಿರಿಕಿರಿ ಹೆಚ್ಚುತ್ತದೆ, ಹೆಚ್ಚಿದಷ್ಟೂ ಸಮಾಧಾನದ ಹಸಿವೂ ಹೆಚ್ಚುತ್ತದೆ. ಓದಲು ಕೂರುವ ದಾರಿ ಕಠಿಣವಾಗಿಯೇ ಉಳಿದರೆ ಮನಸ್ಸು ಹಿಡಿಯುವುದು ಹತ್ತಿರದ ದಾರಿಯನ್ನೇ. ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮೊದಲ ಪರೀಕ್ಷೆಗೆ ಓದು ಮುಂದೂಡಿದ್ದಕ್ಕೆ ತಮ್ಮನ್ನು ತಾವು ಕ್ಷಮಿಸಿಕೊಂಡ ವಿದ್ಯಾರ್ಥಿಗಳು ಎರಡನೆಯದಕ್ಕೆ ಕಡಿಮೆ ಮುಂದೂಡಿದರು. ಕ್ಷಮಿಸುವುದೆಂದರೆ ಮೊದಲು ತಪ್ಪನ್ನು ತಪ್ಪೆಂದು ಒಪ್ಪಿಕೊಳ್ಳುವುದು. ನಂಬಿಕೆಯನ್ನು ಬಗ್ಗಿಸದೆ ಚುಚ್ಚುವಿಕೆಯನ್ನು ಇಳಿಸುವ ದಾರಿ ಅದೊಂದು.

ಆದ್ದರಿಂದ “ಯಾಕೆ ಓದಲಿಲ್ಲ?” ಎಂಬ ಪ್ರಶ್ನೆಯನ್ನು ಅಪ್ಪ ಅಮ್ಮಂದಿರೂ ಉಪನ್ಯಾಸಕರೂ ಕೈಬಿಡಬೇಕೆಂದು ನನಗನ್ನಿಸುತ್ತದೆ. ಆ ಪ್ರಶ್ನೆಗೆ ಮಗು ಕಾರಣವೊಂದನ್ನು ಕಟ್ಟಿ ಬಾಯಿಬಿಟ್ಟು ಹೇಳಲೇಬೇಕಾಗುತ್ತದೆ, ಹೇಳಿದ್ದನ್ನು ಆಮೇಲೆ ನಂಬುತ್ತದೆ. 1 ಡಾಲರಿನ ಆ ಪ್ರಯೋಗವನ್ನು ನಾವು ದಿನಾ ಸಂಜೆ ಮನೆಯಲ್ಲೇ ನಡೆಸಿದ ಹಾಗಾಗುತ್ತದೆ. “ನಿವೃತ್ತಿಯ ಅಧ್ಯಾಯದಲ್ಲಿ ಇವತ್ತು ಯಾವ ಲೆಕ್ಕ ಮಾಡ್ತೀಯ, ಎಲ್ಲಿ ಕೂತ್ಕೋತೀಯ?” ಎಂದು ಕೇಳಿದರೆ ಉತ್ತರದಲ್ಲಿ ನೆಪಕ್ಕೆ ಜಾಗ ಕಡಿಮೆ. ಅರ್ಧ ಗಂಟೆಯಲ್ಲಿ ಒಂದೇ ಒಂದು ಲೆಕ್ಕ ಬಿಡಿಸಿದರೂ ಸಾಕು, ಅದೂ ಮಾಡಿಬಿಟ್ಟ ಕೆಲಸವೇ. ಮುಂದೂಡಿದ ಸಂಜೆಯನ್ನು ಸಮರ್ಥಿಸಿಕೊಳ್ಳುವ ಮನಸ್ಸು, ಮಾಡಿದ ಲೆಕ್ಕವನ್ನೂ ಅಷ್ಟೇ ನಿಷ್ಠೆಯಿಂದ ಸಮರ್ಥಿಸಿಕೊಳ್ಳುತ್ತದೆ. ಓದಿನ ಬೆಲೆ ಅಲ್ಲಿಂದ ಮತ್ತೆ ಏರತೊಡಗುತ್ತದೆ.